ನಾಮಕರಣದ ಹೇಳಿಕೆ: ಮೊದಲ ಸಾಲು ಬದಲಿಸಿ ನೋಡಿದೆ

ತಂಗಿಗೆ ಹೆಣ್ಣು ಮಗು ಹುಟ್ಟಿದ್ದು ಜನವರಿ 14ಕ್ಕೆ, ಸಂಕ್ರಾಂತಿಯ ದಿನ. ಚೊಚ್ಚಲ ಹೆರಿಗೆ, ಹಾಗಾಗಿ ಬಾಣಂತನ ಕಟಪಾಡಿಯ ನಮ್ಮ ಅಮ್ಮನ ಮನೆಯಲ್ಲೇ. ಪುರುಡು ಕಳೆದು ಹನ್ನೆರಡನೇ ದಿನಕ್ಕೆ ಹೆಸರಿಡುವುದು ಅಂತ ಹಿರಿಯರು ನಿಶ್ಚಯ ಮಾಡಿದರು. ಲೆಕ್ಕ ಹಾಕಿದರೆ ಜನವರಿ 25, ಆದಿತ್ಯವಾರ. ಕಾರ್ಡ್ ಅಚ್ಚು ಹಾಕಿಸಿ ಹಂಚುವಷ್ಟು ದಿನ ಎಲ್ಲಿದೆ? ನಡುವೆ 18ಕ್ಕೆ ಉಡುಪಿಯಲ್ಲಿ ಪರ್ಯಾಯ ಬೇರೆ, ಅರ್ಧ ನೆಂಟರು ಆ ಓಡಾಟದಲ್ಲೇ ಇದ್ದರು. ಹಿರಿಯರಿಗೆ ಫೋನ್, ಎಲ್ಲರಿಗೂ ವಾಟ್ಸಾಪ್ ಅಂತ ತೀರ್ಮಾನವಾಯಿತು. ಸುಮಾರು 60 ಮನೆ. ಬರೆಯುವ ಕೆಲಸ ಮಗುವಿನ ದೊಡ್ಡಮ್ಮನಾದ ನನ್ನ ಪಾಲಿಗೆ ಬಂತು.

ಮೊದಲು ಬರೆದದ್ದು ಎಲ್ಲರೂ ಬರೆಯುವ ಹಾಗೆಯೇ ಇತ್ತು. "ಶ್ರೀ ದೇವರ ಅನುಗ್ರಹದಿಂದ ಹಾಗೂ ಗುರುಹಿರಿಯರ ಆಶೀರ್ವಾದದಿಂದ ನಮ್ಮ ಕುಟುಂಬದಲ್ಲಿ ನಡೆಯಲಿರುವ ಶುಭ ಸಮಾರಂಭಕ್ಕೆ..." ಅಂತ ಶುರುವಾಗಿ, ಅಜ್ಜ ಅಜ್ಜಿಯರ ಹೆಸರು, ಅಪ್ಪ ಅಮ್ಮನ ಹೆಸರು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ದಿನ, ಜಾಗ. ಅದನ್ನು ಒಂದು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ 20 ಜನರಿಗೆ ಕಳಿಸಿದೆ. ಬಂದ ಉತ್ತರ ಹೆಚ್ಚಿನವು ಬರೀ ಕೈಮುಗಿಯುವ ಚಿತ್ರ. ಸಂಜೆ ಮಣಿಪಾಲದ ಚಿಕ್ಕಮ್ಮ ಬೇರೆ ವಿಷಯಕ್ಕೆ ಫೋನ್ ಮಾಡಿದವರು, "ಯಾರದ್ದೋ ಹೇಳಿಕೆ ಫಾರ್ವರ್ಡ್ ಮಾಡಿದ್ದೀಯಲ್ಲ, ಯಾರದ್ದು ಮಾರಾಯ್ತಿ ಅದು?" ಅಂತ ಕೇಳಿದರು. ಸ್ವಂತ ಅಕ್ಕನ ಮೊಮ್ಮಗಳ ನಾಮಕರಣ ಅಂತ ಅವರಿಗೆ ಗೊತ್ತೇ ಆಗಿರಲಿಲ್ಲ! ನನಗೆ ತುಂಬಾ ಬೇಜಾರಾಯಿತು.

ಆಮೇಲೆ ಅಮ್ಮನ ಫೋನಿಗೆ ಅದೇ ಮೆಸೇಜ್ ಕಳಿಸಿ, ತೆರೆಯದೆ ಸುಮ್ನೆ ಹೊರಗಿನಿಂದ ನೋಡಿದೆ. ಕಾಣುವುದು ಮೊದಲ ಏಳೆಂಟು ಪದ ಮಾತ್ರ. ಅಷ್ಟರಲ್ಲಿ ದೇವರು, ಗುರುಹಿರಿಯರು ಇದ್ದಾರೆ, ಮಗು ಇಲ್ಲ. ತೆರೆದರೂ ಉದ್ದದ ಮೆಸೇಜ್ ಅರ್ಧಕ್ಕೆ ನಿಂತು "ಇನ್ನಷ್ಟು ಓದಿ" ಅಂತ ತೋರಿಸುತ್ತದೆ, ದಿನ ಮತ್ತು ಜಾಗ ಅದರ ಕೆಳಗೆ. ದೇವರ ಹೆಸರು ಬೇಡ ಅಂತಲ್ಲ, ಅದು ಬೇಕೇ ಬೇಕು. ಅದನ್ನು ಎರಡನೇ ಸಾಲಿಗೆ ಇಳಿಸಿದೆ.

ಮೊದಲ ಸಾಲಿಗೆ ನಾನು ಹಿಡಿದ ದಾರಿ ಇಷ್ಟೇ: ಓದುವವರು ಮಗುವಿಗೆ ಏನಾಗಬೇಕೋ ಆ ಸಂಬಂಧವನ್ನೇ ಹೇಳುವುದು. ಅವರು ನನಗೆ ಏನಾಗಬೇಕು ಅನ್ನುವುದು ಕರೆಯುವ ಪದದಲ್ಲಿ ಬಂದೇ ಬರುತ್ತದೆ. ಮಣಿಪಾಲದ ಚಿಕ್ಕಮ್ಮನಿಗೆ ಮತ್ತೆ ಬರೆದದ್ದು ಹೀಗೆ:

"ಚಿಕ್ಕಮ್ಮ, ನಿಮ್ಮ ಮೊಮ್ಮಗಳಿಗೆ ಹೆಸರಿಡುವ ದಿನ ಬಂತು!
ದೇವರ ದಯೆಯಿಂದ ತಾಯಿ ಮಗು ಇಬ್ಬರೂ ಆರಾಮಾಗಿದ್ದಾರೆ.
ಜನವರಿ 25, ಆದಿತ್ಯವಾರ, ಕಟಪಾಡಿಯ ನಮ್ಮ ಮನೆಯಲ್ಲಿ ನಾಮಕರಣ.
ಬೆಳಿಗ್ಗೆ 10.30ಕ್ಕೆ ತೊಟ್ಟಿಲಿಗೆ ಹಾಕುವುದು, 12.30ಕ್ಕೆ ಊಟ.
ನೀವೂ ಚಿಕ್ಕಪ್ಪನೂ 10 ಗಂಟೆಯೊಳಗೆ ಬಂದು, ತೊಟ್ಟಿಲು ತೂಗಿ, ಮಗುವನ್ನು ಹರಸಬೇಕು.
ಅಪ್ಪ, ಅಮ್ಮ ಮತ್ತು ಮನೆಯವರೆಲ್ಲರ ಪರವಾಗಿ"

ಹತ್ತು ನಿಮಿಷದಲ್ಲಿ ಉತ್ತರ ಬಂತು: "ಅಜ್ಜಿ ಬರ್ತಾಳೆ ಅಂತ ಮಗುವಿಗೆ ಹೇಳು."

ಕೆಳಗಿನ ಸಾಲುಗಳನ್ನು ಎಲ್ಲರಿಗೂ ಹಾಗೆಯೇ ಇಟ್ಟೆ. ಬದಲಾದದ್ದು ಮೊದಲ ಸಾಲು, ಮತ್ತೆ "ನೀವೂ ಚಿಕ್ಕಪ್ಪನೂ" ಅನ್ನುವ ಜಾಗ. ಮನೆಯಿಂದ ಯಾರ್ಯಾರನ್ನು ಕರೆಯುತ್ತಿದ್ದೇವೆ ಅಂತ ಅಲ್ಲಿ ಬಿಡಿಸಿ ಹೇಳಬೇಕು. "ಎಲ್ಲರೂ ಬನ್ನಿ" ಅಂದರೆ ಸೊಸೆಯನ್ನು ಪ್ರತ್ಯೇಕ ಕೇಳಲಿಲ್ಲ ಅನ್ನುವ ಮಾತು ನಮ್ಮಲ್ಲಿ ಬರುತ್ತದೆ, ಅಲ್ವಾ? ಕಾರ್ಕಳದ ಸಣ್ಣ ಮಾವನಿಗೆ "ಮಾವ, ನೀವು ಈಗ ಅಜ್ಜ! ಮೊಮ್ಮಗಳ ಹೆಸರು ಕೇಳಲು ಬರಬೇಕು" ಅಂತ. ನನ್ನ ಓರಗೆಯ ಅಕ್ಕ ತಂಗಿಯರಿಗೆ "ಚಿಕ್ಕಿ ಆದಿ ಮಾರಾಯ್ತಿ, ತೊಟ್ಟಿಲು ಅಲಂಕಾರಕ್ಕೆ ಬೇಗ ಬಾ" ಅಂತ. ಮನೆಯಲ್ಲಿ ತುಳು ಮಾತ್ರ ಮಾತಾಡುವ ಪಕ್ಕದ ಮನೆಯವರಿಗೆ "ಬಾಲೆಗ್ ಪುದರ್ ದೀಪುನ ಲೇಸ್ ಉಂಡು, ಮಾತೆರ್ಲಾ ಬಲೆ" ಅಂತ ಒಂದೇ ಸಾಲು ತುಳುವಿನಲ್ಲಿ, ಉಳಿದದ್ದು ಕನ್ನಡದಲ್ಲಿ. ಒಂದೊಂದಕ್ಕೆ ಒಂದೆರಡು ನಿಮಿಷ ಹಿಡಿಯಿತು, ಎರಡು ಸಂಜೆಯಲ್ಲಿ ಎಲ್ಲ ಮುಗಿಯಿತು. ಮಗುವಿನ ಹೆಸರನ್ನು ಮಾತ್ರ ಎಲ್ಲೂ ಬರೆಯಲಿಲ್ಲ. ಅದು ಮೊದಲು ಮಗುವಿನ ಕಿವಿಗೆ ಬೀಳಬೇಕಾದದ್ದು.

ಮುಂಬೈಯವರ ಮೆಸೇಜ್ ಕಷ್ಟವಾಯಿತು. ಹತ್ತು ದಿನದೊಳಗೆ ಮತ್ಸ್ಯಗಂಧದಲ್ಲಿ ಟಿಕೆಟ್ ಸಿಗುವುದು ಸುಲಭವಲ್ಲ, ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಅವರಿಗೆ ತೊಂದರೆ ಬೇಡ ಅಂತ ನಾನು "ಸಾಧ್ಯವಾದರೆ ಬನ್ನಿ" ಅಂತ ಬರೆದಿದ್ದೆ. ಅಮ್ಮ ಓದಿ ಅಲ್ಲೇ ತಡೆದರು. "ಇದು ಬರಬೇಡಿ ಅಂದ ಹಾಗೆ ಕೇಳುತ್ತದೆ. ಕರೆಯುವಾಗ ಬನ್ನಿ ಅಂತಲೇ ಕರೆಯಬೇಕು, ಆಗುವುದಿಲ್ಲ ಅನ್ನುವುದು ಅವರ ಬಾಯಿಂದ ಬರಲಿ" ಅಂದರು. ಹಾಗಾಗಿ ಇದನ್ನು ಕಳಿಸಿದೆವು: "ಅತ್ತೆ, ನಿಮ್ಮ ಮೊಮ್ಮಗಳ ನಾಮಕರಣ, ನೀವು ಇರಬೇಕು ಅಂತ ಎಲ್ಲರಿಗೂ ಆಸೆ. ಟಿಕೆಟ್ ವಿಷಯಕ್ಕೆ ನಾಳೆ ಫೋನ್ ಮಾಡುತ್ತೇನೆ." ಮರುದಿನ ಮಾತಾಡುವಾಗ ಅವರೇ ಆಗಲಿಕ್ಕಿಲ್ಲ ಅಂದರು. ಆಗ, ತೊಟ್ಟಿಲಿಗೆ ಹಾಕುವ ಹೊತ್ತಿಗೆ ವಿಡಿಯೊ ಕಾಲ್ ಮಾಡುವುದು ಅಂತ ಮಾತಾಯಿತು. ವಿಡಿಯೊದ ಸುದ್ದಿಯನ್ನು ಹೇಳಿಕೆಯಲ್ಲೇ ಹಾಕಿದ್ದರೆ ಅತ್ತೆಗೆ ಖಂಡಿತ ನೋವಾಗುತ್ತಿತ್ತು.

ಇನ್ನೊಂದು ತಪ್ಪು ತಡವಾಗಿ ಗೊತ್ತಾಯಿತು. ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಹೋದ ಮೆಸೇಜ್, ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುವುದು. ನಾನು ಹಿಂದಿನ ವರ್ಷ ನಂಬರ್ ಬದಲಿಸಿದ್ದೆ. ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ಮಾಹಿತಿ ನೋಡಿದರೆ, ಆ 20 ಜನರಲ್ಲಿ ನಾಲ್ಕು ಮನೆಗೆ ಅದು ಮುಟ್ಟಿರಲೇ ಇಲ್ಲ. ಅವರಲ್ಲಿ ಒಬ್ಬರು ಅಪ್ಪನ ದೊಡ್ಡಣ್ಣ! ಒಬ್ಬೊಬ್ಬರಿಗೇ ಕಳಿಸಿದರೆ ಈ ತೊಂದರೆ ಇಲ್ಲ, ಎರಡು ಗೆರೆ ಬಿತ್ತಾ ಅಂತ ಆಗಲೇ ಕಾಣುತ್ತದೆ. ದೊಡ್ಡಪ್ಪನಿಗೆ ಅಪ್ಪನೇ ಫೋನ್ ಮಾಡಿ ಕರೆದರು, ಆಮೇಲೆ ನಾನು ಮೆಸೇಜ್ ಹಾಕಿದೆ. ಉಳಿದ ಹಿರಿಯರಿಗೂ ಅದೇ ಕ್ರಮ ಇಟ್ಟುಕೊಂಡೆವು. ಮೊದಲು ಅಪ್ಪ ಅಥವಾ ಅಮ್ಮನ ಫೋನ್, ಅದರ ಬೆನ್ನಿಗೇ ನನ್ನ ಮೆಸೇಜ್. ಕಿವಿಯಲ್ಲಿ ಕೇಳಿದ ದಿನ ಮರೆತರೂ ಫೋನಿನಲ್ಲಿ ಇರುತ್ತದಲ್ಲ.

ಭಾವನ ಮನೆಯವರು ಕುಂದಾಪುರದಲ್ಲಿ, ಅವರ ಕಡೆಯ ನೆಂಟರನ್ನು ಅವರೇ ಕರೆದರು. ಅವರಿಗೆ ದಿನ, ಗಂಟೆ, ಜಾಗದ ಮೂರು ಸಾಲು ನಾನೇ ಕಳಿಸಿ, ಇದನ್ನು ಹಾಗೆಯೇ ಇಟ್ಟು ಮೇಲಿನ ಸಾಲು ನಿಮಗೆ ಬೇಕಾದ ಹಾಗೆ ಬರೆಯಿರಿ ಅಂದೆ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಆ ಕಡೆಯವರು. ಅವರ ಮೆಸೇಜಿನಲ್ಲಿ ಗಂಟೆ ಬೇರೆಯಾದರೆ ತೊಟ್ಟಿಲು ಕಾಯಬೇಕಾಗುತ್ತಿತ್ತು.

ಶನಿವಾರ ಸಂಜೆ ಎಲ್ಲರಿಗೂ ಮತ್ತೆ ಒಂದೇ ಸಾಲು ಹಾಕಿದೆ, ಜೊತೆಗೆ ಮನೆಯ ಲೊಕೇಶನ್: "ನಾಳೆ 10 ಗಂಟೆಗೆ ದಾರಿ ಕಾಯುತ್ತೇವೆ. ಬಸ್ಸಿನಲ್ಲಿ ಬರುವವರು ಕಟಪಾಡಿಯಲ್ಲಿ ಇಳಿದು ಒಂದು ಮಿಸ್ಡ್ ಕಾಲ್ ಕೊಡಿ, ತಮ್ಮ ಬೈಕಿನಲ್ಲಿ ಬರುತ್ತಾನೆ." ಮೊದಲ ಮಿಸ್ಡ್ ಕಾಲ್ ಮಣಿಪಾಲದ ಚಿಕ್ಕಮ್ಮನದ್ದು, 9 ಗಂಟೆಗೇ.