ಗ್ರೇಡ್ ಕ್ಯಾಲ್ಕುಲೇಟರ್ 109 ಅಂಕ ಬೇಕು ಅಂದಾಗ

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ತಂಗಿಗೆ ಇಂಟರ್ನಲ್ಸ್‌ನಲ್ಲಿ 50ಕ್ಕೆ 31 ಬಂದಿತ್ತು. ಫೈನಲ್ ಪರೀಕ್ಷೆ 100ಕ್ಕೆ, ಅದನ್ನು 50ಕ್ಕೆ ಇಳಿಸುತ್ತಾರೆ. ಗುರಿ ಒಟ್ಟು 70. ಕ್ಯಾಲ್ಕುಲೇಟರ್ ಫೈನಲ್‌ನಲ್ಲಿ 109 ಬೇಕು ಅಂತು!

ಪೇಜ್ ರಿಫ್ರೆಶ್ ಮಾಡಿದರೂ, ಬೇರೆ ಕ್ಯಾಲ್ಕುಲೇಟರ್ ಹಾಕಿದರೂ ಅದೇ ಉತ್ತರ. 109 ಅನ್ನು ಅದರಲ್ಲೇ ತುಂಬಿದರೆ ಸರಿಯಾಗಿ 70 ತೋರಿಸುತ್ತದೆ. ತಪ್ಪು ಇನ್‌ಪುಟ್ ಹಾಗೇ ಉಳಿದಿರುತ್ತದಲ್ವಾ, ಈ ತಾಳೆಗೆ ಬೆಲೆಯಿಲ್ಲ.

ಕೊನೆಗೆ ಕಾಲೇಜಿನ ಲೆಕ್ಕದಲ್ಲೇ, ಕಾಗದದ ಮೇಲೆ ಕೂಡಿಸಿದೆವು:

```
31 + 109/2 = 85.5
```

70 ಬರಲಿಲ್ಲ. ಅಂದರೆ ತೊಂದರೆ ಇನ್‌ಪುಟ್‌ನಲ್ಲಿ. ನಾವು 31 ತುಂಬಿದ್ದ ಖಾನೆಗೆ ಬೇಕಿದ್ದದ್ದು ಶೇಕಡಾ. 31ರ ಜಾಗದಲ್ಲಿ 62 ಹಾಕಿ, ಎರಡಕ್ಕೂ ವೇಯ್ಟೇಜ್ 50 ಇಟ್ಟೆವು. ಉತ್ತರ 78.

```
31 + 78/2 = 70
```

ಉತ್ತರ ದಶಮಾಂಶದಲ್ಲಿ ಬಂದರೆ ಮೇಲಿನ ಪೂರ್ಣ ಅಂಕ ಹಿಡಿಯಿರಿ. 77.4 ಅನ್ನು 77 ಮಾಡಿದರೆ ಗುರಿಗೆ ಸ್ವಲ್ಪ ಕಡಿಮೆ ಬೀಳುತ್ತದೆ.