ಟ್ರೆಡ್‌ಮಿಲ್ ಮೇಲಿನ 'ಡಿಪ್ರೆಶನ್' ಮತ್ತೆ ನಮ್ಮ ರಿವ್ಯೂ

ಪುಣೆಯಲ್ಲಿ ಫಿಸಿಯೋಥೆರಪಿ ಎಂಪಿಟಿ ಮಾಡ್ತಿದ್ದಾಗ, ವ್ಯಾಯಾಮದಿಂದ ಡಿಪ್ರೆಶನ್ ಕಡಿಮೆ ಆಗುತ್ತಾ ಅಂತ ಒಂದು ಸಿಸ್ಟಮ್ಯಾಟಿಕ್ ರಿವ್ಯೂಗೆ, ಅಂದರೆ ಆ ವಿಷಯದ ಟ್ರಯಲ್‌ಗಳನ್ನೆಲ್ಲ ಹುಡುಕಿ ಒಟ್ಟಿಗೆ ತೂಗಿ ನೋಡೋ ಕೆಲಸಕ್ಕೆ, ಕೈ ಹಾಕಿದೆ. ಎರಡನೇ ರಿವ್ಯೂವರ್ ಬೆಳಗಾವಿ ಕಡೆಯ ನಮ್ಮ ಜೂನಿಯರ್. ವೈದ್ಯಕೀಯ ಪೇಪರ್‌ಗಳ ಡೇಟಾಬೇಸ್ PubMedನಲ್ಲಿ ಮೊದಲು ಹಾಕಿದ್ದು ಇಷ್ಟು:

```
(depress*[tiab] OR "Depressive Disorder"[Mesh])
AND (exercis*[tiab] OR "Exercise"[Mesh])
```

ನೋಡಿದ್ರೆ ಹಾರ್ಟ್ ಪೇಪರ್‌ಗಳೇ ಸಾಲುಸಾಲಾಗಿ ಬರ್ತಿವೆ. ಟ್ರೆಡ್‌ಮಿಲ್ ಟೆಸ್ಟ್ ಮಾಡುವಾಗ ಇಸಿಜಿಯಲ್ಲಿ ಎಸ್‌ಟಿ ಸೆಗ್ಮೆಂಟ್ ಕೆಳಗೆ ಇಳಿಯೋದನ್ನೂ ಡಿಪ್ರೆಶನ್ ಅಂತಾನೇ ಕರೀತಾರಲ್ಲ, ಅದು! ಎಸ್‌ಟಿ ಸೆಗ್ಮೆಂಟ್ ಅನ್ನೋ ಪದಕ್ಕೆ NOT ಹಾಕಿ ಅವನ್ನೆಲ್ಲ ತೆಗೆದುಬಿಡೋಣ ಅನ್ನಿಸ್ತು, ಆದರೆ ಹಾರ್ಟ್ ಪೇಶೆಂಟ್‌ಗಳ ಮನಸ್ಸಿನ ಡಿಪ್ರೆಶನ್ ಮೇಲಿನ ಟ್ರಯಲ್ ಒಂದರ ಅಬ್‌ಸ್ಟ್ರಾಕ್ಟ್‌ನಲ್ಲಿ ಆ ಪದವೂ ಇದ್ದರೆ ಅದೂ ಜೊತೆಗೇ ಹೋಗುತ್ತೆ, ಹೋಗಿದ್ದು ಗೊತ್ತೂ ಆಗಲ್ಲ. ಅದಕ್ಕೆ NOT ಬಿಟ್ಟೆವು, ಟೈಟಲ್ ನೋಡಿ ಕೈಯಿಂದಲೇ ತೆಗೆದೆವು, ಒಂದೊಂದಕ್ಕೆ ಎರಡು ಸೆಕೆಂಡ್ ಅಷ್ಟೇ. ರ‍್ಯಾಂಡಮೈಸ್ಡ್ ಟ್ರಯಲ್ ಫಿಲ್ಟರ್ ಸೇರಿಸಿದ ಮೇಲೆ ರಾಶಿನೂ ಇಳಿಯಿತು.

ಆಮೇಲೆ ನಮಗೆ ಮೊದಲೇ ಗೊತ್ತಿರೋ ಟ್ರಯಲ್‌ಗಳನ್ನ ಇಟ್ಟುಕೊಂಡು ಸರ್ಚ್ ಅವುಗಳನ್ನ ಹಿಡಿಯುತ್ತಾ ಅಂತ ಪರೀಕ್ಷೆ ಮಾಡಿದೆವು. 2012ರಲ್ಲಿ ಬಂದ ಬ್ರಿಟನ್ನಿನ ಟ್ರೆಡ್-ಯುಕೆ ಟ್ರಯಲ್, 361 ಜನ ಇದ್ದದ್ದು, ಅದರ ಟೈಟಲ್‌ನಲ್ಲಿ ಎಕ್ಸರ್‌ಸೈಜ್ ಪದವೇ ಇಲ್ಲ, ಫಿಸಿಕಲ್ ಆಕ್ಟಿವಿಟಿ ಅಂತಿದೆ. ಹೊಸ ಪೇಪರ್‌ಗಳಿಗೆ ಮೆಶ್ ಅನ್ನೋ ವಿಷಯಸೂಚಿಯ ಟ್ಯಾಗ್ ಬೀಳೋಕೆ ಮುಂಚೆ ಟೈಟಲ್, ಅಬ್‌ಸ್ಟ್ರಾಕ್ಟ್ ಪದಗಳೇ ಗತಿ, ಹಾಗಾಗಿ `"physical activity"[tiab]`, `yoga[tiab]`, `walking[tiab]` ಎಲ್ಲ ಸೇರಿಸಿದೆವು.

ನಿಜವಾದ ಜಗಳ ಆಗಿದ್ದು ರಿಸ್ಕ್ ಆಫ್ ಬಯಾಸ್‌ನಲ್ಲಿ, ಅಂದರೆ ರಿಸಲ್ಟ್ ಒಂದು ಕಡೆ ವಾಲಿರೋ ಅಪಾಯ ಎಷ್ಟು ಅಂತ ಅಳೆಯೋದರಲ್ಲಿ. ವಾಕಿಂಗ್ ಗುಂಪು ಒಂದು ಕಡೆ, ವೇಟಿಂಗ್ ಲಿಸ್ಟ್ ಇನ್ನೊಂದು ಕಡೆ ಇರೋ ಟ್ರಯಲ್‌ಗೆ ನಾನು 'ಹೈ' ಹಾಕಿದ್ದೆ, ಅವನು 'ಲೋ' ಹಾಕಿದ್ದ. ಕ್ಯಾಂಟೀನ್‌ನಲ್ಲಿ ಕೂತು ಎರಡೂ ಶೀಟ್ ಪಕ್ಕಪಕ್ಕ ಇಟ್ಟಾಗ ಅವನಂದ, "ಅಕ್ಕಾ, ಟ್ರಯಲ್ ಒಂದ ಅದ, ಆದ್ರ ರಿಸಲ್ಟ್ ಎರಡು ಅದಾವಲ್ಲ." ಸರಿಯಾಗೇ ಹೇಳಿದ. ಬಯಾಸ್ ಅಳೆಯೋಕೆ ಬಳಸೋ ರಾಬ್ 2 ಟೂಲ್‌ನಲ್ಲಿ ಮಾರ್ಕ್ ಕೊಡೋದು ಇಡೀ ಟ್ರಯಲ್‌ಗಲ್ಲ, ಒಂದೊಂದು ರಿಸಲ್ಟ್‌ಗೆ. ಡಿಪ್ರೆಶನ್ ಅಳೆಯೋ ಬೆಕ್ ಫಾರ್ಮ್ ತುಂಬೋರು ಪೇಶೆಂಟೇ, ತಾನು ವಾಕಿಂಗ್ ಗುಂಪಲ್ಲಿದ್ದೀನಿ ಅಂತ ಗೊತ್ತಿರುತ್ತೆ, ವೇಟಿಂಗ್ ಲಿಸ್ಟ್‌ನವರಿಗೆ ಏನೂ ಸಿಕ್ಕಿಲ್ಲ ಅನ್ನೋ ಬೇಜಾರು ಇರುತ್ತೆ, ಅಳತೆಯ ಡೊಮೇನ್‌ನಲ್ಲಿ ಅದು ಹೈ. ಡಿಪ್ರೆಶನ್ನಿನ ಇನ್ನೊಂದು ಅಳತೆಯಾದ ಹ್ಯಾಮಿಲ್ಟನ್ ಸ್ಕೋರ್ ಮಾತ್ರ ಗುಂಪು ಗೊತ್ತಿಲ್ಲದ ಡಾಕ್ಟರ್ ಸಂದರ್ಶನ ಮಾಡಿ ಕೊಟ್ಟಿದ್ದರು, ಅಲ್ಲಿ ಅವನು ಕೊಟ್ಟ ಲೋ ಒಪ್ಪಿದೆ. ಆದರೂ ಒಂದು ಅಳುಕು ಉಳೀತು: ಸಂದರ್ಶನದಲ್ಲಿ ಪೇಶೆಂಟೇ "ವಾಕಿಂಗ್ ಕ್ಲಾಸ್‌ಗೆ ಹೋಗ್ತಿದ್ದೆ" ಅಂತ ಬಾಯಿಬಿಟ್ಟರೆ ಗುಟ್ಟು ಅಲ್ಲಿಗೇ ಮುಗೀತು. ಹಾಗೆ ಹೇಳಬೇಡಿ ಅಂತ ಮೊದಲೇ ತಿಳಿಸಿದ್ದರಾ ಅಂತ ಪೇಪರ್‌ನಲ್ಲಿ ಹುಡುಕಿ ನೋಡ್ತಿದ್ವಿ.

ಇದು ಸುಮ್ಮನೆ ಫಾರ್ಮ್ ತುಂಬೋ ಕೆಲಸ ಅಲ್ಲ. ಇದೇ ವಿಷಯದ ಮೇಲೆ ಕಾಕ್ರೇನ್ ಸಂಸ್ಥೆಯ 2013ರ ರಿವ್ಯೂನಲ್ಲಿ ಟ್ರಯಲ್‌ಗಳನ್ನೆಲ್ಲ ಸೇರಿಸಿದಾಗ ಪರಿಣಾಮ -0.62 ಇತ್ತು, ಮೈನಸ್ ಅಂದರೆ ವ್ಯಾಯಾಮದ ಗುಂಪಲ್ಲಿ ಡಿಪ್ರೆಶನ್ ಕಡಿಮೆ ಅಂತ; ಯಾರು ಯಾವ ಗುಂಪಿಗೆ ಅನ್ನೋ ಹಂಚಿಕೆ ಗುಟ್ಟಾಗಿಟ್ಟು, ಎಲ್ಲರನ್ನೂ ಲೆಕ್ಕಕ್ಕೆ ತಗೊಂಡು, ಬ್ಲೈಂಡ್ ಆಗಿ ಅಳೆದ 6 ಟ್ರಯಲ್‌ಗಳಲ್ಲಿ ಅದೇ -0.18ಕ್ಕೆ ಇಳೀತು. ಅದಕ್ಕೇ ನಮ್ಮ ಶೀಟ್‌ನಲ್ಲಿ ಆ ವಾಕಿಂಗ್ ಟ್ರಯಲ್‌ಗೆ ಈಗ ಎರಡು ಸಾಲು, ಬೆಕ್‌ಗೆ ಒಂದು, ಹ್ಯಾಮಿಲ್ಟನ್‌ಗೆ ಒಂದು, ಪಕ್ಕದಲ್ಲೇ ಯಾಕೆ ಅಂತ ಕಾರಣ.