ಸಾಹೇಬ್ರಿಗೆ ಏನಾದ್ರೂ ಕೊಡಬೇಕು ಅನಿಸಿದ್ರೆ

ಇಂಕ್ರಿಮೆಂಟ್ ಲೆಟರ್ ಬರೋ ಮುಂಚೆ ಮ್ಯಾನೇಜರಿಗೆ ಏನೂ ಕೊಡಬೇಡಿ. ರಜೆ ಅರ್ಜಿ ಅವರ ಟೇಬಲ್ ಮೇಲಿದ್ದಾಗಲೂ ಅಷ್ಟೇ. ಅರ್ಧ ಕೆಜಿ ಕುಂದಾ ಕೊಟ್ರೂ ಜನ ಬೇರೆ ಲೆಕ್ಕ ಹಾಕ್ತಾರೆ.

ಬೆಳಗಾವಿಯಲ್ಲಿದ್ದೀರಿ ಅಂದ್ರೆ ಕುಂದಾನೇ ಸುಲಭ, ಆದ್ರೆ ಡಬ್ಬಿ ಅವರ ಕ್ಯಾಬಿನ್‌ಗೆ ಒಯ್ಯಬೇಡಿ, ಮನೆಗಂತೂ ಬೇಡವೇ ಬೇಡ. ಊಟದ ಹೊತ್ತಿಗೆ ಎಲ್ಲರ ನಡುವೆ ತೆರೆದಿಡಿ, ಸಾಹೇಬ್ರೂ ಒಂದು ಚಮಚ ತಿಂತಾರೆ, ಪ್ಯೂನ್ ಕೂಡ ತಿಂತಾನೆ.

ಅವರಿಗೇ ಅಂತ ಕೊಡೋದಾದ್ರೆ ವರ್ಗಾವಣೆ ಆದಾಗ, ಅದೂ ಎಲ್ಲರೂ ಸೇರಿ. ಹತ್ತು ಜನ ತಲಾ ನೂರು ಹಾಕಿದ್ರೆ ಸಾವಿರ ರೂಪಾಯಿ. ಅದರಲ್ಲಿ ಒಂದು ಒಳ್ಳೆ ಪೆನ್ನು, ಒಂದು ಡಬ್ಬಿ ಗೋಕಾಕ ಕರದಂಟು ತರಬಹುದು. ಕಾರ್ಡಿನಲ್ಲಿ ಎಲ್ಲರ ಹೆಸರೂ ಇರಲಿ, ಯಾರು ಎಷ್ಟು ಹಾಕಿದ್ರು ಅಂತ ಬರೆಯಬೇಡಿ. ಹಣ ಕೊಡದವರ ಹೆಸರೂ ಸೇರಿಸಿ, ಯಾರನ್ನೂ ಒತ್ತಾಯ ಮಾಡಬೇಡಿ. ಹೊಸ ಹುಡುಗನಿಗೆ ನೂರೂ ಭಾರ ಅಲ್ವಾ? ಒಬ್ಬರೇ ಬೆಳ್ಳಿ ಲೋಟ ತಂದು ಜೊತೆಗೆ ಇಡ್ತೀನಿ ಅಂದ್ರೆ ನಯವಾಗಿ ತಡೀರಿ.

ಕೆಲವು ಕಂಪನಿಗಳಲ್ಲಿ ಗಿಫ್ಟ್‌ಗೆ ಮಿತಿ ಇರುತ್ತೆ, ಬ್ಯಾಂಕಲ್ಲಿ, ಸರ್ಕಾರಿ ಕಚೇರಿಯಲ್ಲಿ ನಿಯಮವೇ ಬೇರೆ. ಹಣ ಕೂಡಿಸೋ ಮೊದಲೇ ಎಚ್‌ಆರ್‌ ಹತ್ರ ಒಂದು ಮಾತು ಕೇಳಿಬಿಡಿ. ನಗದು, ಗಿಫ್ಟ್ ಕಾರ್ಡ್ ಮಾತ್ರ ಯಾವ ಲೆಕ್ಕದಲ್ಲೂ ಬೇಡ.